ಗಣಿತದ ಸರ್ ಮುಖಕ್ಕೆ ನಾನು ಬರೆದ ಸೂತ್ರ

ಸರ್ ಮುಖವನ್ನು ಮೊದಲ ಸಲ ಕೆಡಿಸಿದ್ದು ಲಕ್ವಾ, ಎರಡನೇ ಸಲ ಕೆಡಿಸಿದ್ದು ನಾನು. ಲಕ್ವಾ ಒಂದೇ ಮುಂಜಾನೆಯಲ್ಲಿ ಮುಗಿಸಿದ ಕೆಲಸಕ್ಕೆ ನನಗೆ ಆರು ವಾರ ಹಿಡಿಯಿತು. ವ್ಯತ್ಯಾಸ ಅಷ್ಟೇ.

ನಾನು ಇಂಡಿ ಕಡೆಯವನು. ಹೈಸ್ಕೂಲಿಗೆ ಬಸವನ ಬಾಗೇವಾಡಿಯ ಸೋದರಮಾವನ ಮನೆಯಲ್ಲಿದ್ದೆ. ಅಲ್ಲಿ ಗಣಿತ ಕಲಿಸುತ್ತಿದ್ದವರು ಈ ಸರ್. ಅವರು ಕಲಿಸಿದರು ಎಂಬುದು ನಿಜ, ನಾನು ಕಲಿತೆ ಎಂದು ಯಾರೂ ತಪ್ಪು ತಿಳಿಯಬಾರದು. ಅವರು ಬೋರ್ಡಿನ ಕಡೆ ತಿರುಗಿದಾಗ ನಾನು ಹಿಂದೆ ಅವರ ಹಾಗೆಯೇ ಹುಬ್ಬು ಏರಿಸಿ, ತುಟಿ ಬಿಗಿದು ಕೂರುತ್ತಿದ್ದೆ. ಅವರು ತಿರುಗುವ ಮೊದಲೇ ಗೊತ್ತಾಗುತ್ತಿತ್ತು. ಕೈಗೆ ಸಿಕ್ಕ ಸೀಮೆಸುಣ್ಣ ನನ್ನ ಹಣೆಗೆ ಬಂದು ಬೀಳುತ್ತಿತ್ತು. ಗುರಿ ಎಂದೂ ತಪ್ಪಿಲ್ಲ.

ಓದು ಮುಗಿಯಿತು ಎನ್ನುವುದಕ್ಕಿಂತ ಓದಿಗೆ ನಾನು ಸಾಕಾಗಿ ಹೋದೆ. ಹಿಂದಿಯಲ್ಲಿ ಕಲಿಸುವ ವಿಡಿಯೋಗಳನ್ನು ನೋಡಿ ನೋಡಿ, ಕಂಪ್ಯೂಟರಿನಲ್ಲಿ ಕಾರ್ಟೂನ್ ಮಾಡುವ ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಕಲಿತೆ. ಮುದ್ದೇಬಿಹಾಳದಲ್ಲಿ, ಕ್ರಿಮಿನಾಶಕದ ಅಂಗಡಿಯೊಂದರ ಮೇಲಿನ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಮದುವೆ ಆಲ್ಬಮ್, ಫ್ಲೆಕ್ಸು, ಗೃಹಪ್ರವೇಶದ ವಿಡಿಯೋ ಅಲ್ಲಿನ ಹೊಟ್ಟೆಪಾಡು. ನಾನು ಸೇರಿದ ಮೇಲೆ ಮಾಲಕರು ಬಾಗಿಲಿಗೆ "ಇಲ್ಲಿ ಕಾರ್ಟೂನ್ ಸಹ ಮಾಡಿಕೊಡಲಾಗುವುದು" ಎಂದು ಬರೆಸಿದರು. ಆ "ಸಹ" ನಾನೇ. ಕೆಳಗಿನ ಅಂಗಡಿಯ ಔಷಧಿ ವಾಸನೆ ದಿನವಿಡೀ ಮೇಲೆ ಬರುತ್ತಿತ್ತು. ಹುಳ ಸಾಯುತ್ತಿದ್ದವು. ನಾನು ಬದುಕಿದ್ದೆ.

ಒಂದು ದಿನ ಬಾಗೇವಾಡಿಯ ಖಾಸಗಿ ಸಾಲೆಯೊಂದರ ಹೆಡ್‌ಮಾಸ್ತರರು ಮೆಟ್ಟಿಲು ಹತ್ತಿ ಬಂದರು. ಹಿಂದೆ ಸರ್ ಇದ್ದರು. ಕೊರಳಿಗೆ ಸುತ್ತಿಕೊಂಡ ಟವೆಲ್ಲಿನ ತುದಿಯನ್ನು ಎಡಗೈಯಿಂದ ಬಾಯಿಗೆ ಹಿಡಿದಿದ್ದರು. ನನ್ನನ್ನು ಗುರುತಿಸಿದ ಕೂಡಲೇ ಅವರ ಬಲಗಣ್ಣು ಅಗಲವಾಯಿತು. ಎಡಗಣ್ಣು ಹಾಗೆಯೇ ಇತ್ತು.

"ಏನಲೇ, ನೀ ಇಲ್ಲಿ ಅದೀಯಾ?" ಎಂದರು. ಟವೆಲ್ ಕೆಳಗಿಳಿಯಿತು. ಬಾಯಿಯ ಎಡ ತುದಿ ಜೋತು ಬಿದ್ದಿತ್ತು. ಎಡಗೆನ್ನೆ ಇಸ್ತ್ರಿ ಮಾಡಿದಂತೆ ನುಣ್ಣಗಿತ್ತು. ಮಾತು ಮಾತ್ರ ಸ್ವಚ್ಛವಿತ್ತು. "ಮುಖಾ ಮಾಡೋ ಧಂದೇನಽ ಹಿಡದೀ ಅನ್ನು."

"ಹೌದ್ರಿ ಸರ. ನಿಮ್ಮ ಆಶೀರ್ವಾದ್ರಿ."

ಹೆಡ್‌ಮಾಸ್ತರರು ವಿಷಯ ಹೇಳಿದರು. ಲಕ್ವಾ ಹೊಡೆದು ವಾಸಿಯಾದ ಮೇಲೆ ಸರ್ ಮತ್ತೆ ಕ್ಲಾಸಿಗೆ ಹೋಗಿದ್ದರು. ಆರನೇ ಈಯತ್ತೆಯ ಮಕ್ಕಳು ನಕ್ಕವು. ಎರಡನೇ ದಿನ ಇಡೀ ಬೆಂಚು ಬಾಯಿ ಸೊಟ್ಟ ಮಾಡಿಕೊಂಡು ಕೂತಿತ್ತು. ಮೂರನೇ ದಿನ ಸರ್ ಕ್ಲಾಸಿಗೆ ಹೋಗಲಿಲ್ಲ. ಆಫೀಸಿನಲ್ಲಿ ಕೂತು ಹಾಜರಿ ಪುಸ್ತಕಕ್ಕೆ ಗೆರೆ ಹೊಡೆಯುತ್ತಿದ್ದರು. ಈಗ ಸಾಲೆಯವರು ಸ್ಮಾರ್ಟ್ ಕ್ಲಾಸಿಗೆ ಹನ್ನೆರಡು ಗಣಿತದ ಪಾಠ ಮಾಡಿಸಬೇಕೆಂದಿದ್ದರು. ಪಾಠ ಮಾಡುವ ಕಾರ್ಟೂನು ಸರ್ ಅವರದೇ, ಧ್ವನಿಯೂ ಅವರದೇ.

"ಮಕ್ಕಳು ಮೊದಲ ಕಾರ್ಟೂನ್ ಸರ್‌ಗೆ ಹೊಂದಿಕೋಬೇಕು, ಆಮ್ಯಾಲ ಖರೇ ಸರ್‌ಗೆ," ಎಂದರು ಹೆಡ್‌ಮಾಸ್ತರರು. "ಪಾಠ ಛಲೋ ಆದ್ರ ಸರ್ ಕ್ಲಾಸಿಗೆ ವಾಪಸ್ ಹೋಗ್ತಾರ. ಇಲ್ಲಾಂದ್ರ ಮ್ಯಾನೇಜ್ಮೆಂಟಿನವ್ರು ಬ್ಯಾರೆ ಮಾಸ್ತರನ್ನ ನೋಡಾಕತ್ಯಾರ."

ಇದನ್ನೆಲ್ಲ ಅವರು ಸರ್ ಎದುರಿಗೇ ಹೇಳಿದರು, ಬೆಂಚು ರಿಪೇರಿಯ ವಿಷಯ ಹೇಳಿದ ಹಾಗೆ. ಸರ್ ಗೋಡೆಯ ಮೇಲಿನ ಮದುವೆ ಫೋಟೋಗಳನ್ನು ನೋಡುತ್ತಿದ್ದರು. ಹೆಡ್‌ಮಾಸ್ತರರು ಮಾಲಕರ ಜೊತೆ ಚಹಾಕ್ಕೆ ಇಳಿದ ಮೇಲೆ ಸರ್ ನನ್ನ ಕಡೆ ಬಾಗಿದರು.

"ಒಂದಽ ಮಾತು, ತಮ್ಮಾ. ಮುಖ ನೇರ ಇರಲಿ. ಬಣ್ಣ ಹೆಂಗರೆ ಇರಲಿ, ಮೂಗು ಹೆಂಗರೆ ಇರಲಿ. ಬಾಯಿ ನೇರ ಇರಬೇಕು."

"ಅದೇನ್ ಬಿಡ್ರಿ ಸರ. ಒಂದು ಗುಂಡಿ ಎಳದ್ರ ನೇರ."

ನನ್ನ ಜೀವನದ ಎಲ್ಲ ಅನಾಹುತಗಳೂ "ಅದೇನ್ ಬಿಡ್ರಿ"ಯಿಂದಲೇ ಶುರುವಾಗಿವೆ.

ಮರುವಾರ ಸರ್ ಬಂದು ಕುರ್ಚಿಯಲ್ಲಿ ಕೂತರು. ನಾನು ಮೊಬೈಲಿನಲ್ಲಿ ಅವರ ಮುಖ ಹಿಡಿದೆ. ನಗ್ರಿ, ಸಿಟ್ಟಾಗ್ರಿ, ಕಣ್ಣು ಮುಚ್ರಿ, "ಆ" ಅನ್ರಿ, "ಊ" ಅನ್ರಿ. ಪ್ರತಿ ಸಲವೂ ಬಲಭಾಗ ಹೇಳಿದ ಮಾತು ಕೇಳುತ್ತಿತ್ತು, ಎಡಭಾಗ ನನ್ನ ಹಾಗೆ ಹಿಂದಿನ ಬೆಂಚಿನಲ್ಲಿ ಕೂತಿತ್ತು. ಕಣ್ಣು ಮುಚ್ಚಿ ಎಂದಾಗ ಎಡ ರೆಪ್ಪೆ ಪೂರ್ತಿ ಕೆಳಗೆ ಬರಲಿಲ್ಲ. ಸರ್ ಬೆರಳಿನಿಂದ ಅದನ್ನು ಒತ್ತಿ ಹಿಡಿದು "ಈಗ ತಗೀ," ಎಂದರು. ನನಗೆ ನಗು ಬಂತು. ಕೆಮ್ಮಿದೆ. ಅವರು ಇಪ್ಪತ್ತು ವರ್ಷ ನನ್ನಂಥವರ ಕೆಮ್ಮು ಕೇಳಿದವರು.

ಕೆಲಸ ಹೇಗೆ ನಡೆಯುತ್ತದೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನೊಳಗಿನ ಮುಖ ಎಂದರೆ ಸಾವಿರಾರು ಚುಕ್ಕಿಗಳ ಬಲೆ. ಏನೂ ಮಾಡದೆ ಸುಮ್ಮನಿರುವ ಮುಖಕ್ಕೆ ಬೇಸಿಸ್ ಎನ್ನುತ್ತಾರೆ. ಅದರ ಮೇಲೆ ಒಂದೊಂದೇ ಶೇಪ್ ಕೀ ಸೇರಿಸಬೇಕು. ನಗುವಿನ ಕೀಯಲ್ಲಿ ತುಟಿಯ ತುದಿಯ ಚುಕ್ಕಿಗಳನ್ನು ಮೇಲೆ ಎಳೆದಿಟ್ಟರೆ, ಬೇಸಿಸ್‌ನಿಂದ ಯಾವ ಚುಕ್ಕಿ ಎಷ್ಟು ಸರಿಯಿತು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಆ ಕೀಯನ್ನು ಸೊನ್ನೆಯಿಂದ ಒಂದಕ್ಕೆ ಎಳೆದರೆ ಮುಖ ನಿಧಾನ ನಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಅರ್ಧ ನಗು. ನಗು, ಹುಬ್ಬು, ರೆಪ್ಪೆ, "ಆ", "ಊ" ಎಲ್ಲ ಬೇರೆ ಬೇರೆ ಕೀಗಳು. ಎರಡನ್ನು ಒಟ್ಟಿಗೆ ಎಳೆದರೆ ಎರಡರ ಸರಿದಾಟವೂ ಕೂಡಿಕೊಳ್ಳುತ್ತದೆ.

ಕೂಡಿಕೊಳ್ಳುವುದೇ ತಲೆನೋವು. ನಗುತ್ತಾ "ಆ" ಅಂದರೆ ತುಟಿ ಎರಡು ಕಡೆಯಿಂದಲೂ ಎಳೆಸಿಕೊಂಡು ಗಲ್ಲದೊಳಗೆ ಹೊಕ್ಕು ಕಿವಿಯ ಹತ್ತಿರ ಹೊರಬರುತ್ತದೆ. ಅದಕ್ಕೆ ತಿದ್ದುವ ಇನ್ನೊಂದು ಕೀ ಮಾಡಿ, ಅದರ ಬೆಲೆಯ ಮೇಲೆ ಡ್ರೈವರ್ ಕೂರಿಸಬೇಕು. ಡ್ರೈವರ್ ಎಂದರೆ ಒಂದು ಸೂತ್ರ. "ನಗುವಿನ ಬೆಲೆ ಗುಣಿಲೆ ಬಾಯಿಯ ಬೆಲೆ" ಎಂದು ಬರೆದರೆ, ಎರಡೂ ಇದ್ದಾಗ ಮಾತ್ರ ತಿದ್ದುಪಡಿ ತಾನಾಗಿ ಏಳುತ್ತದೆ. ಒಂದು ಸೊನ್ನೆಯಾದರೂ ಅದು ಸೊನ್ನೆ. ಗಣಿತದಲ್ಲಿ ಮೂರು ಸಲ ನಪಾಸಾದವನು ಗಣಿತದ ಸರ್ ಮುಖಕ್ಕೆ ಗುಣಾಕಾರ ಬರೆಯುತ್ತಿದ್ದೆ. ಹಲ್ಲು ಕೀಳಲು ಕಮ್ಮಾರ ಬಂದ ಹಾಗೆ.

ತಪ್ಪುಗಳನ್ನು ಹೇಳಿದರೆ ನೀವು ನಂಬುವುದಿಲ್ಲ. ಮುಖದ ಪಕ್ಕದಲ್ಲಿ ಎಳೆಯಲು ಗುಂಡಿಗಳನ್ನಿಟ್ಟು, ನಗುವಿನ ಕೀಗೆ ಒಂದು ಗುಂಡಿಯ ಸ್ಥಾನವನ್ನು ಡ್ರೈವರಿನಿಂದ ಜೋಡಿಸಿದ್ದೆ. ಗುಂಡಿ ತನ್ನ ಚೌಕದೊಳಗೆ ಎಷ್ಟು ಸರಿಯಿತು ಎಂಬುದನ್ನು ಅಳೆಯಬೇಕಿತ್ತು. ನಾನು ಇಡೀ ಲೋಕದಲ್ಲಿ ಅದು ಎಲ್ಲಿದೆ ಎಂದು ಅಳೆಯಲು ಹಚ್ಚಿದ್ದೆ. ಅದೂ ಸಾಲದೆ ಕೀಯ ಗರಿಷ್ಠ ಮಿತಿಯನ್ನು ಮೋಜಿಗೆಂದು ಐದಕ್ಕೆ ಏರಿಸಿದ್ದೆ. ಸರ್ ಬಾಗಿಲಿನಿಂದ ಬೋರ್ಡಿನ ಕಡೆ ನಡೆದಂತೆ ಗುಂಡಿಗಳೂ ಜೊತೆಗೆ ನಡೆದವು, ನಗುವೂ ಬೆಳೆಯಿತು. ಬೋರ್ಡು ಮುಟ್ಟುವ ಹೊತ್ತಿಗೆ ತುಟಿಗಳು ಹಿಂದಲೆಯಲ್ಲಿ ಪರಸ್ಪರ ಭೇಟಿಯಾಗಿದ್ದವು.

ಮಾಲಕರು ಅದನ್ನು ನೋಡಿ ಕುರ್ಚಿಯಿಂದ ಜಾರಿದರು. "ಲೇ, ಇದನ್ನ ಡಿಲೀಟ್ ಮಾಡಬ್ಯಾಡ, ಇಟ್ಕೊ. ಬ್ಯಾಸರಾದಾಗ ನೋಡಾಕ ಬೇಕು."

ಮುಖ್ಯ ತಪ್ಪು ಬೇರೆ. ನಾನು ಸರ್ ಅವರ ಫೋಟೋ ಎದುರಿಗಿಟ್ಟುಕೊಂಡು ಇದ್ದದ್ದು ಇದ್ದ ಹಾಗೆ ಮುಖ ಮಾಡಿದ್ದೆ. ಅಂದರೆ ಬೇಸಿಸ್ಸೇ ಸೊಟ್ಟ. ಅದರ ಮೇಲೆ ಹದಿನಾಲ್ಕು ಕೀ ಕಟ್ಟಿಯಾದ ಮೇಲೆ ನೆನಪಾಯಿತು, ಬಾಯಿ ನೇರ ಇರಬೇಕಲ್ಲ! ಬಲಭಾಗವನ್ನು ಕನ್ನಡಿ ಹಿಡಿದ ಹಾಗೆ ಎಡಕ್ಕೆ ತಿರುಗಿಸುವ ಆಜ್ಞೆಯೊಂದಿದೆ. ಕೊಟ್ಟು ನೋಡಿದೆ. ಎಡಬಲ ಒಂದೇ ಅಳತೆ ಇದ್ದರೆ ಮಾತ್ರ ಅದಕ್ಕೆ ಜೋಡಿ ಚುಕ್ಕಿ ಸಿಗುವುದು. ಸೊಟ್ಟ ಮುಖದಲ್ಲಿ ಕೆಲವಕ್ಕೆ ಜೋಡಿ ಸಿಕ್ಕಿತು, ಕೆಲವಕ್ಕೆ ಸಿಗಲಿಲ್ಲ. ಸರ್ ತುಟಿ ಯಾರೋ ಚುರುಮುರಿ ಚೆಲ್ಲಿದ ಹಾಗಾಯಿತು. ಮೊದಲಿನಿಂದ ಮಾಡುವುದೇ ಸರಿಯಾದ ದಾರಿಯಾಗಿತ್ತು. ನಾನು ಸರಿಯಾದ ದಾರಿ ಹಿಡಿದವನಾಗಿದ್ದರೆ ಕ್ರಿಮಿನಾಶಕದ ವಾಸನೆಯಲ್ಲಿ ಕೂರುತ್ತಿರಲಿಲ್ಲ.

ಹದಿನೈದನೇ ಕೀ ಮಾಡಿದೆ. ಹೆಸರು "ನೇರ". ಅದರಲ್ಲಿ ಎಡತುಟಿಯ ತುದಿಯನ್ನು ಎತ್ತಿ, ಗಲ್ಲಕ್ಕೆ ಗೆರೆ ಕೊಟ್ಟು, ರೆಪ್ಪೆ ಸರಿಮಾಡಿದೆ. ಆ ಕೀ ಸೊನ್ನೆಯಿದ್ದಾಗ ಲಕ್ವಾ ಹೊಡೆದ ಸರ್, ಒಂದಾದಾಗ ನಮಗೆ ಸೀಮೆಸುಣ್ಣ ಎಸೆಯುತ್ತಿದ್ದ ಸರ್.

ಇದು ಸ್ಟುಡಿಯೋದ ಆಟಿಕೆಯಾಯಿತು. ನೇರ, ಸೊಟ್ಟ, ನೇರ, ಸೊಟ್ಟ. ಫ್ರೇಮಿನ ಸಂಖ್ಯೆಯ ಮೇಲೆ ಒಂದು ಸೂತ್ರ ಬರೆದು, ಹಾಡಿನ ತಾಳಕ್ಕೆ ಸರ್ ಬಾಯಿ ಜೋತು ಬಿದ್ದು ಏಳುವ ಹಾಗೆ ಮಾಡಿದೆ. ಮಾಲಕರು ಮದುವೆ ಆಲ್ಬಮ್ಮಿಗೆ ಬಂದ ಗಿರಾಕಿಗಳಿಗೂ ತೋರಿಸಿದರು. ಬೀಗರು ನಕ್ಕರು, ಮದುಮಗ ನಕ್ಕ. ನಾನು ಪ್ರತಿ ಸಲವೂ ಹೊಸದಾಗಿ ನೋಡುವವನಂತೆ ನಕ್ಕೆ. ಮೂರನೇ ಪಾಠದ ಧ್ವನಿ ಕೊಡಲು ಬಂದ ಸರ್ ಮೆಟ್ಟಿಲ ಮೇಲೆ ಕಾಣಿಸಿದಾಗ ಪರದೆ ಬದಲಿಸಿದೆ. ಅಷ್ಟು ಮರ್ಯಾದೆ ನನಗಿತ್ತು. ಅಷ್ಟೇ ಇತ್ತು.

ನೇರದ ಕೀಯಲ್ಲಿ ಒಂದು ತೊಡಕಿತ್ತು. ಸುಮ್ಮನಿದ್ದಾಗ ಅದು ಪೂರ್ತಿ ಒಂದಿರಬೇಕು. ಆದರೆ ನಗುವಿನ ಕೀಯೂ ಎಡತುಟಿಯನ್ನು ಎತ್ತುತ್ತದಲ್ಲ, ಎರಡೂ ಸೇರಿ ತುದಿ ಕಣ್ಣಿಗೆ ಹತ್ತುತ್ತಿತ್ತು. ನಗು ಏರಿದ ಹಾಗೆ ನೇರ ಸ್ವಲ್ಪ ಇಳಿಯಬೇಕು. ನಾನು ಆಗಷ್ಟೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಎರಡು ವಿಡಿಯೋ ನೋಡಿದ್ದೆ. ಎರಡು ವಿಡಿಯೋ ನೋಡಿದವನಿಗಿಂತ ಅಪಾಯದ ಮನುಷ್ಯ ಯಾರೂ ಇಲ್ಲ. ಇಪ್ಪತ್ತೆರಡು ಸಾಲಿನ ಒಂದು ಫಂಕ್ಷನ್ ಬರೆದು, ಅದನ್ನು ಫೈಲಿನೊಳಗೇ ಇಟ್ಟು, ನೇರದ ಡ್ರೈವರ್ ಅದನ್ನು ಕರೆಯುವ ಹಾಗೆ ಮಾಡಿದೆ. ನಗು ಇಷ್ಟಿದ್ದರೆ ಇಷ್ಟು ಕೊಡು, ಅಷ್ಟಿದ್ದರೆ ಅಷ್ಟು ಕೊಡು. ಉಳಿದ ಕೀಗಳಿಗೆಲ್ಲ ಕೂಡುವ, ಗುಣಿಸುವ ಸಾದಾ ಸೂತ್ರ. ಇದೊಂದಕ್ಕೆ ಮಾತ್ರ ನನ್ನ ಪಾಂಡಿತ್ಯ.

ನನ್ನ ಕಂಪ್ಯೂಟರಿನಲ್ಲಿ ಚೊಕ್ಕ ನಡೆಯಿತು. ಸರ್‌ಗೆ ತೋರಿಸಿದೆ. ಪರದೆಯ ಮೇಲಿನ ಸರ್ ಬೋರ್ಡಿನ ಮುಂದೆ ನಿಂತು ನೇರ ಬಾಯಿಯಿಂದ "ಮಕ್ಕಳೇ, ಭಿನ್ನರಾಶಿ ಅಂದರೆ ಅಂಜಬ್ಯಾಡ್ರಿ" ಎಂದು ನಕ್ಕರು. ಕುರ್ಚಿಯಲ್ಲಿದ್ದ ಸರ್ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡರು. ನಾಲ್ಕು ಸಲ ಹಾಕಿಸಿದರು. ಐದನೇ ಸಲ ತಾವೂ ಅದರ ಜೊತೆ ಬಾಯಿ ಆಡಿಸಿದರು.

"ಛಲೋ ಮಾಡೀಯಲೇ," ಎಂದರು. ಅವರು ನನಗೆ ಹಾಗೆ ಅಂದದ್ದು ಅದೇ ಮೊದಲು. "ಸೋಮವಾರ ನಾನಽ ಹುಡುಗರ ಜೋಡಿ ಕೂತು ನೋಡ್ತೇನಿ. ಪಾಠ ಮುಗದ ಮ್ಯಾಲ ಎದ್ದು ನಿಂತು, ಲೆಕ್ಕ ಬಿಡಸ್ತೀರೇನು ಅಂತ ಕೇಳ್ತೇನಿ. ಅಲ್ಲಿಂದಽ ಕ್ಲಾಸ್ ಚಾಲೂ."

ಪಾಠವನ್ನು ಚಿತ್ರ ಚಿತ್ರವಾಗಿ ತೆಗೆದು ವಿಡಿಯೋ ಮಾಡುವುದಕ್ಕೆ ರೆಂಡರ್ ಎನ್ನುತ್ತಾರೆ. ನಮ್ಮ ಸ್ಟುಡಿಯೋದ ಕಂಪ್ಯೂಟರಿಗೆ ಹಚ್ಚಿದರೆ ಸೋಮವಾರವಲ್ಲ, ಮುಂದಿನ ಬೇಸಿಗೆ. ಸಿಂದಗಿಯಲ್ಲಿ ನನ್ನ ದೋಸ್ತ ಒಬ್ಬನಿದ್ದ, ಅವನ ಬಳಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಯಂತ್ರ. ಫೈಲು ದೊಡ್ಡದು, ನಮ್ಮ ನೆಟ್ಟು ಬಸವನಹುಳು. ಶನಿವಾರ ಮುಂಜಾನೆ ಪೆನ್‌ಡ್ರೈವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ದಾರ ಸುತ್ತಿ, ಮೇಲೆ ದೋಸ್ತನ ನಂಬರ್ ಬರೆದು ಸಿಂದಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ನಮ್ಮ ಕಡೆ ಊಟದ ಡಬ್ಬಿ, ಔಷಧಿ, ಟ್ರ್ಯಾಕ್ಟರಿನ ಬಿಡಿಭಾಗ ಎಲ್ಲ ಹಾಗೆಯೇ ಹೋಗುತ್ತವೆ. ಸರ್ ಮುಖವೂ ಹೋಯಿತು.

ದೋಸ್ತ ಮಧ್ಯಾಹ್ನ ಫೈಲು ಹಚ್ಚಿದ. ಅವನು ಬ್ಲೆಂಡರ್ ತೆರೆದು ನೋಡುವವನಲ್ಲ. ಪರದೆಯ ಮೇಲಿನ ಕಪ್ಪು ಕಿಟಕಿಯಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟು ಎದ್ದು ಹೋಗುವವನು. ಬೇರೆಯವರ ಫೈಲಿನೊಳಗಿನ ಪೈಥಾನ್ ತಾನಾಗಿ ಓಡಬಾರದು ಎಂಬ ಕಾವಲು ಬ್ಲೆಂಡರಿನಲ್ಲಿ ಮೊದಲಿನಿಂದಲೇ ಇರುತ್ತದೆ. ಓಡಲಿ ಎಂದರೆ ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಬೇಕು. ನನ್ನಲ್ಲಿ ಹಾಕಿದ್ದೆ, ಹಾಕಿದ್ದನ್ನು ಮರೆತಿದ್ದೆ. ಅವನಲ್ಲಿ ಹಾಕಿರಲಿಲ್ಲ. ಸಾದಾ ಸೂತ್ರಗಳಿಗೆ ಪೈಥಾನ್ ಬೇಕಿಲ್ಲ, ಹಾಗಾಗಿ ನಗು, ರೆಪ್ಪೆ, "ಆ", "ಊ" ಎಲ್ಲ ನಡೆದವು. ನನ್ನ ಪಾಂಡಿತ್ಯವನ್ನು ಮಾತ್ರ ಆ ಕಾವಲು ಬಾಗಿಲಲ್ಲೇ ತಡೆಯಿತು. ತಡೆದ ಡ್ರೈವರ್ ಕೊಡುವ ಬೆಲೆ ಸೊನ್ನೆ. ಕಪ್ಪು ಕಿಟಕಿಯಲ್ಲಿ ಎಚ್ಚರಿಕೆಯ ಸಾಲು ಬಂದು ಮೇಲೆ ಸರಿದು ಹೋಗಿತ್ತಂತೆ. ದೋಸ್ತ ಆಗ ಕಟಿಂಗ್ ಮಾಡಿಸಿಕೊಳ್ಳುತ್ತಿದ್ದ.

ಸಂಜೆ ಫೋನು ಬಂತು. "ವಿಡಿಯೋ ಕಳಸೇನಿ, ಒಮ್ಮೆ ನೋಡ್ಕೊಳಪಾ."

ನಾನು ಗಿರಮಿಟ್ಟು ತಿನ್ನುತ್ತಿದ್ದೆ. ಕೈಗೆ ಎಣ್ಣೆ ಮೆತ್ತಿತ್ತು. "ನೋಡ್ದೆ ನೋಡ್ದೆ, ಬೆಂಕಿ ಐತಿ! ಹೆಡ್‌ಮಾಸ್ತರಿಗೆ ಸೀದಾ ಕಳಿಸಿಬಿಡು," ಎಂದೆ.

ಮಾಲಕರು ಕೇಳಿದರು, "ನೋಡಿಯೇನಲೇ?"

"ನೋಡೇನ್ರಿ."

ಎಣ್ಣೆ ಒರೆಸಿಕೊಳ್ಳಲು ಎಷ್ಟು ಹೊತ್ತು ಬೇಕು? ಆ ಹೊತ್ತನ್ನು ನಾನು ಎರಡನೇ ಮೆಣಸಿನಕಾಯಿ ಬಜ್ಜಿಗೆ ಕೊಟ್ಟೆ.

ಸೋಮವಾರ ಹೊಸ ಅಂಗಿ ಹಾಕಿಕೊಂಡು ಬಾಗೇವಾಡಿಗೆ ಹೋದೆ. ಚಪ್ಪಾಳೆ ಬೀಳುವಾಗ ನಾನಿರಬೇಕಲ್ಲ. ಸಾಲೆಯ ದೊಡ್ಡ ಕೋಣೆಯಲ್ಲಿ ಪರದೆ ಕಟ್ಟಿದ್ದರು. ಆರನೇ ಈಯತ್ತೆಯ ಎರಡೂ ವಿಭಾಗದ ಮಕ್ಕಳು ನೆಲದ ಮೇಲೆ ಕೂತಿದ್ದವು. ಮುಂದಿನ ಸಾಲಿನ ಪಕ್ಕದಲ್ಲಿ ಸರ್. ಇಸ್ತ್ರಿಯ ಬಿಳಿ ಅಂಗಿ. ಟವೆಲ್ ತಂದಿರಲಿಲ್ಲ. ಕಿಸೆಯಲ್ಲಿ ಹೊಸ ಸೀಮೆಸುಣ್ಣದ ಡಬ್ಬಿ.

ಪರದೆಯ ಮೇಲೆ ಬಾಗಿಲು ತೆರೆಯಿತು. ಕಾರ್ಟೂನ್ ಸರ್ ನಡೆದು ಬಂದರು. ಬೋರ್ಡಿನ ಮುಂದೆ ನಿಂತು ಮಕ್ಕಳ ಕಡೆ ತಿರುಗಿದರು.

ಬಾಯಿ ಎಡಕ್ಕೆ ಜೋತು ಬಿದ್ದಿತ್ತು.

ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. "ಟಿಕ್ ಹಾಕಿಲ್ಲ ಮಗಾ," ಎಂದು ದೋಸ್ತನ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಪರದೆಯ ಸರ್ "ಅಂಜಬ್ಯಾಡ್ರಿ" ಎಂದು ನಕ್ಕರು. ನಗುವಿನ ಕೀ ತನ್ನ ಕೆಲಸ ನಿಷ್ಠೆಯಿಂದ ಮಾಡಿತು. ಬಲತುಟಿ ಚೆಂದ ಏರಿತು. ಎಡತುಟಿ ಜೋತಲ್ಲಿಂದ ಎದ್ದು ಅರ್ಧ ದಾರಿಯಲ್ಲಿ ನಿಂತಿತು. ಬೇಕೆಂದೇ ಕೂತು ಮಾಡಿದ್ದರೂ ಅಷ್ಟು ಹೋಲುವ ಹಾಗೆ ನನ್ನ ಕೈಯಿಂದ ಆಗುತ್ತಿರಲಿಲ್ಲ.

ಮಕ್ಕಳು ಪರದೆ ನೋಡಿದವು, ತಿರುಗಿ ಸರ್ ಮುಖ ನೋಡಿದವು, ಮತ್ತೆ ಪರದೆ ನೋಡಿದವು. ಹೋಲಿಕೆ ಸರಿಯಿದೆಯೇ ಎಂದು ತಾಳೆ ನೋಡುವ ಹಾಗೆ. ಹಿಂದಿನಿಂದ ಒಂದು ಹುಡುಗಿ "ಅಯ್ಯ, ಸೇಮ್ ಟು ಸೇಮ್!" ಎಂದಳು. ಅಲ್ಲಿಗೆ ಕೋಣೆ ಒಡೆಯಿತು. ನೂರು ಬಾಯಿ ನಕ್ಕವು. ಸ್ವಲ್ಪ ಹೊತ್ತಿಗೆ ನೂರು ಬಾಯಿಯೂ ಎಡಕ್ಕೆ ಸೊಟ್ಟಾದವು. ಪರದೆಯ ಸರ್ ಹೇಳಿದ್ದನ್ನೆಲ್ಲ ಅವು ಸೊಟ್ಟ ಬಾಯಿಯಲ್ಲಿ ತಿರುಗಿ ಹೇಳತೊಡಗಿದವು. "ಮೂರನೇ ಒಂದು! ನಾಕನೇ ಒಂದು!" ಏಳು ನಿಮಿಷ. ಒಂದು ಮಗುವೂ ಎದ್ದು ನೀರಿಗೆ ಹೋಗಲಿಲ್ಲ.

ಸರ್ ಎದ್ದು ಹೋಗಬಹುದಿತ್ತು. ಕೂತರು. ಕಿಸೆಯ ಮೇಲೆ ಕೈಯಿಟ್ಟುಕೊಂಡು ಕೊನೆಯವರೆಗೆ ನೋಡಿದರು. ಪಾಠ ಮುಗಿದು ದೀಪ ಹಾಕಿದಾಗ ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದವು. ಅವರು ಎದ್ದು ನಿಂತರು. ಬಾಯಿ ತೆರೆದರು. ಕೇಳಬೇಕಿದ್ದ ಪ್ರಶ್ನೆ ಹೊರಬರಲಿಲ್ಲ. ಅಂಗೈಯಿಂದ ಎಡತುಟಿ ಮುಚ್ಚಿಕೊಂಡು ಬಾಗಿಲಿನ ಕಡೆ ನಡೆದರು. ನನ್ನ ಪಕ್ಕದಲ್ಲೇ ಹಾದುಹೋದರು. ನಾನು ಮೊಬೈಲಿನಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿದೆ.

ಈಗ ಹೆಡ್‌ಮಾಸ್ತರರು ನನ್ನ ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡೆ. ಅವರು ಮಕ್ಕಳಿಗೆ, "ಎರಡನೇ ಮೂರು ಮತ್ತ ಮೂರನೇ ಎರಡು, ಯಾವುದು ದೊಡ್ಡದು?" ಎಂದು ಕೇಳಿದರು. ಅರ್ಧ ಕೋಣೆ ಸರಿಯಾದ ಉತ್ತರ ಕೂಗಿತು, ಸೊಟ್ಟ ಬಾಯಿಯಲ್ಲಿ. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು.

"ಶಾಭಾಷ್! ಇಷ್ಟು ಲಕ್ಷ್ಯ ಕೊಟ್ಟು ಈ ಹುಡುಗರು ಎಂದೂ ಕೂತಿಲ್ಲ. ಬಾಯಿ ನೇರ ಮಾಡ್ಯಾನ ಅಂತ ಸರ್ ಹೇಳಿದ್ರು, ಹಿಂಗ್ಯಾಕ ಬಿಟ್ಟಿ?"

ಸತ್ಯ ಹೇಳಲು ಅದೇ ಜಾಗ. "ತಪ್ಪಾಗೇತ್ರಿ, ಎರಡು ದಿನ ಕೊಡ್ರಿ, ಸರಿ ಮಾಡ್ತೇನಿ" ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿ ಹೇಳಿದ್ದು ಬೇರೆ.

"ಬೇಕಂತಽ ಬಿಟ್ಟೇನ್ರಿ. ಮಕ್ಕಳಿಗಿ ಖರೇ ಅನಸ್ಬೇಕು ನೋಡ್ರಿ."

"ಭಾರಿ ತಲಿ ಐತಿ! ಉಳಿದ ಹನ್ನೊಂದೂ ಹಿಂಗಽ ಇರಲಿ."

"ಸರ ಏನಂತಾರೋ?"

"ಅವ್ರಿಗೆ ನಾ ಹೇಳ್ತೇನಿ ಬಿಡು. ಕ್ಲಾಸಿಗಂತೂ ಅವ್ರು ಇನ್ನ ಹೋಗೂದಿಲ್ಲ. ಧ್ವನಿ ಕೊಟ್ರ ಸಾಕು."

ಮುದ್ದೇಬಿಹಾಳದ ಬಸ್ಸಿನಲ್ಲಿ ಕೂತು ದೋಸ್ತನಿಗೆ ಬೈದೆ. ಅವನು ಪೂರ್ತಿ ಕೇಳಿ, "ನಾ ನಿನ್ನ ಸರ್‌ನ ನೋಡೇನೇನಲೇ? ಹಂಗಽ ಡಿಸೈನ್ ಐತಿ ಅನ್ಕೊಂಡೆ. ನೀನಽ ಬೆಂಕಿ ಅಂದಿ," ಎಂದು ಫೋನಿಟ್ಟ.

ಗುರುವಾರ ಮಧ್ಯಾಹ್ನ ಸರ್ ಸ್ಟುಡಿಯೋಕ್ಕೆ ಬಂದರು. ಮಾಲಕರು ಫ್ಲೆಕ್ಸು ಕಟ್ಟಿಸಲು ಹೋಗಿದ್ದರು. ಬೈಯುತ್ತಾರೆಂದು ನಾನು ತಯಾರಾಗಿದ್ದೆ. ಕಣ್ಣೀರಿಗೂ ತಯಾರಾಗಿದ್ದೆ, ನನ್ನ ಕಣ್ಣೀರಿಗೆ. ಸರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು ಪರದೆ ತೋರಿಸಿದರು.

"ತಗೀ. ಎಲ್ಲಿ ತಪ್ಪೇತಿ ತೋರಸು."

"ಸರ, ಅದು ಸಿಂದಗಿ ಹುಡುಗ…"

"ಹುಡುಗನ್ನ ಬಿಡು. ಲೆಕ್ಕ ತೋರಸು."

ತೋರಿಸಿದೆ. ಬೇಸಿಸ್ ಯಾವುದು, ಕೀ ಯಾವುದು, ಡ್ರೈವರ್ ಹೇಗೆ ಬೆಲೆ ಕೊಡುತ್ತದೆ, ಎಲ್ಲ. ನಡುವೆ ಎರಡೇ ಪ್ರಶ್ನೆ ಕೇಳಿದರು. ಎರಡೂ ನಾನು ಆರು ವಾರದಲ್ಲಿ ಕೇಳಿಕೊಳ್ಳದ ಪ್ರಶ್ನೆಗಳು. ಕೊನೆಗೆ ನನ್ನ ಇಪ್ಪತ್ತೆರಡು ಸಾಲಿನ ಫಂಕ್ಷನ್ ತೆಗೆದೆ. ಅವರಿಗೆ ಪೈಥಾನ್ ಬರುವುದಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ನಗು ಸೊನ್ನಿ ಇದ್ರ ಎಷ್ಟ್ ಕೊಡ್ತೈತಿ?"

"ಒಂದ್ರಿ."

"ಅರ್ಧ ಇದ್ರ?"

"ಪಾಯಿಂಟ್ ಎಂಟ್ರಿ."

"ಪೂರಾ ಇದ್ರ?"

"ಪಾಯಿಂಟ್ ಆರ್ರಿ."

ಸರ್ ಮೇಜಿನ ಮೇಲಿದ್ದ ಮದುವೆ ಕಾರ್ಡಿನ ಹಿಂದೆ ಪೆನ್ನಿನಿಂದ ಒಂದು ಸಾಲು ಬರೆದರು. ಒಂದರಲ್ಲಿ ಕಳೆ, ಪಾಯಿಂಟ್ ನಾಲ್ಕು ಗುಣಿಲೆ ನಗು.

"ಇಷ್ಟಽ ಅಲ್ಲೇನಲೇ? ಇಪ್ಪತ್ತೆರಡು ಸಾಲಿನಾಗ ಇಷ್ಟಽ ಐತಿ. ಇದು ಸಾದಾ ಸೂತ್ರ. ಇದಕ್ಕ ನಿನ್ನ ಪೈಥಾನು ಬೇಕೇನು? ಟಿಕ್ಕು ಬೇಕೇನು?"

ಬೇಕಿರಲಿಲ್ಲ. ಆ ಒಂದು ಸಾಲು ಸಿಂದಗಿಯಲ್ಲೂ ಓಡುತ್ತಿತ್ತು. ಜಗತ್ತಿನ ಯಾವ ಯಂತ್ರದಲ್ಲಾದರೂ ಓಡುತ್ತಿತ್ತು.

"ಬೇಕಿಲ್ರಿ ಸರ."

"ಎಂಟನೇ ಈಯತ್ತೆದಾಗ ಕಲಿಸೇನಿ ಇದನ್ನ. ಸರಳ ರೇಖೆ. ಅವತ್ತ ನೀ ಹಿಂದ ಕೂತು ಏನ್ ಮಾಡಾಕತ್ತಿದ್ದಿ ಅನ್ನೂದೂ ನನಗ ನೆನಪೈತಿ." ಸಿಟ್ಟಿರಲಿಲ್ಲ. ಉತ್ತರಪತ್ರಿಕೆಗೆ ಸೊನ್ನೆ ಹಾಕುವ ಧ್ವನಿ ಅದು. "ಈಗ ಹಾಕು."

ಫಂಕ್ಷನ್ ಅಳಿಸಿ ಅವರ ಸಾಲು ಬರೆದೆ. ಸೆಟ್ಟಿಂಗಿನ ಟಿಕ್ ತೆಗೆದು, ಫೈಲು ಮುಚ್ಚಿ, ಮತ್ತೆ ತೆರೆದೆ. ಪರದೆಯ ಮುಖ ನೇರವಿತ್ತು. ನಗುವಿನ ಗುಂಡಿ ಎಳೆದೆ, ಎರಡೂ ಕಡೆ ಸಮ ಏರಿತು. ನಾನು ಉತ್ಸಾಹದಲ್ಲಿ, "ಬಂತ್ರಿ ಸರ! ಹೆಡ್‌ಮಾಸ್ತರಿಗೆ ಇವತ್ತಽ ತೋರಸೂಣ್ರಿ," ಎಂದೆ.

"ಅವ್ರಿಗೆ ಏನಂತ ಹೇಳೀ? ಬೇಕಂತ ಮಾಡೇನಿ ಅಂತ ಹೇಳೀ ಹೌದಲ್ಲೋ?"

ಗೊತ್ತಿತ್ತು ಅವರಿಗೆ. ಹೆಡ್‌ಮಾಸ್ತರರು ಹೆಮ್ಮೆಯಿಂದ ಹೇಳಿರಬೇಕು. ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಲು ಬಾಯಿ ತೆರೆದೆ. ಒಪ್ಪಿಕೊಂಡರೆ ಮಾಲಕರಿಗೆ ಗೊತ್ತಾಗುತ್ತದೆ, ನೋಡಿದೆ ಎಂದದ್ದೂ ಹೊರಬೀಳುತ್ತದೆ, ಉಳಿದ ಹನ್ನೊಂದು ಪಾಠ ಹೋಗುತ್ತವೆ, ಬಾಗಿಲ ಮೇಲಿನ "ಸಹ" ಅಳಿಸಿ ಹೋಗುತ್ತದೆ. ಇಷ್ಟನ್ನು ನಾನು ಬಹಳ ಬೇಗ ಲೆಕ್ಕ ಹಾಕಿದೆ. ಜೀವನದಲ್ಲಿ ಅಷ್ಟು ಬೇಗ ಮಾಡಿದ ಲೆಕ್ಕ ಅದೊಂದೇ. ಬಾಯಿ ಮುಚ್ಚಿದೆ.

ಸರ್ ಕಾದರು. ಕ್ಲಾಸಿನಲ್ಲಿ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಿದ್ದರೋ ಅಷ್ಟೇ ಹೊತ್ತು.

"ಆತು," ಎಂದರು. "ನಾ ನಿನ್ನೆ ರಾಜೀನಾಮೆ ಕೊಟ್ಟೇನಿ. ಧ್ವನಿನೂ ಕೊಡೂದಿಲ್ಲ. ಬ್ಯಾರೆ ಮಾಸ್ತರ್ ಧ್ವನಿ ಹಚ್ಚತಾರಂತ. ಮುಖ ಮಾತ್ರ ಇದಽ ಇರತೈತಂತ, ಮಕ್ಕಳಿಗಿ ಸೇರೇತಂತ." ಪರದೆಯ ಕಡೆ ನೋಡಿದರು. ಅಲ್ಲಿ ಅವರು ನೇರವಾಗಿ ನಗುತ್ತಿದ್ದರು. "ಈಗ ಆ ಸಾಲು ತಗದು ಸೊನ್ನಿ ಬರಿ. ಗಿರಾಕಿ ಕೇಳಿದ್ದು ಅದಽ ಅಲ್ಲ?"

"ಸರ, ಬ್ಯಾಡ್ರಿ…"

"ಬರಿ. ನಾ ಹೋದ ಮ್ಯಾಲ ಬರಿಯಾಂವಽ ಅದೀ. ನನ್ನ ಎದುರಿಗೇ ಬರಿ."

ನಾನು ಡ್ರೈವರ್ ತೆಗೆದು ನೇರದ ಕೀಗೆ ಸೊನ್ನೆ ಬರೆದೆ. ತುಟಿ ಇಳಿಯಿತು, ಗಲ್ಲ ನುಣ್ಣಗಾಯಿತು, ಎಡ ರೆಪ್ಪೆ ಸಡಿಲಾಯಿತು. ಪರದೆಯ ಮೇಲೊಂದು, ಪಕ್ಕದಲ್ಲೊಂದು, ಎರಡೂ ಮುಖ ನನ್ನನ್ನು ನೋಡುತ್ತಿದ್ದವು.

"ಸೇವ್ ಮಾಡು," ಎಂದರು.

ಮಾಡಿದೆ.